ವಜೈನಿಸ್ಮಸ್: ಎರಡನೇ ಡೈಲೇಟರ್ ಸಲೀಸು, ಮೂರನೇದು ಗೋಡೆಗೆ ಹೊಡೆದ ಹಾಗೆ. ಎಲ್ಲಿ ತಪ್ಪುತ್ತಿದೆ?

ಮೊಣಕಾಲು_ಫಿಸಿಯೋ
ನಾನು ಹಾಸನದ ಕಡೆ ಮಂಡಿ, ಸೊಂಟ, ಭುಜ ನೋಡುವ ಫಿಸಿಯೋ. ಪೆಲ್ವಿಕ್ ಫ್ಲೋರ್ ಬಗ್ಗೆ ಒಂದು ಸಣ್ಣ ಕೋರ್ಸ್ ಮಾಡಿದ್ದೇನೆ, ಅಷ್ಟೇ. ಹತ್ತಿರದಲ್ಲಿ ಬೇರೆ ಯಾರೂ ಇಲ್ಲ ಅಂತ ಸ್ತ್ರೀರೋಗ ತಜ್ಞರೊಬ್ಬರು ಒಬ್ಬರನ್ನು ಕಳಿಸಿದ್ದಾರೆ. ಅವರ ಒಪ್ಪಿಗೆ ಪಡೆದೇ ಬರೀತಿದ್ದೇನೆ, ಗುರುತು ಸಿಗುವ ವಿವರ ಬಿಟ್ಟಿದ್ದೇನೆ.

ಮದುವೆಯಾಗಿ ಎರಡು ವರ್ಷ. ಒಮ್ಮೆಯೂ ಪ್ರವೇಶ ಸಾಧ್ಯವಾಗಿಲ್ಲ. ಗಂಡ ಹತ್ತಿರ ಬಂದರೆ ತೊಡೆ ತಾನಾಗೇ ಕೂಡಿಕೊಳ್ಳುತ್ತೆ, ಸೊಂಟ ಮೇಲಕ್ಕೆ ಸರಿಯುತ್ತೆ. ಯೋನಿಯೊಳಗೆ ಇಟ್ಟು ಅಭ್ಯಾಸ ಮಾಡುವ, ಸಣ್ಣದರಿಂದ ದಪ್ಪಕ್ಕೆ ಹೋಗುವ ಐದು ಸಿಲಿಕೋನ್ ಡೈಲೇಟರ್ ಇರುವ ಸೆಟ್ ಆನ್‌ಲೈನಿನಲ್ಲಿ ತರಿಸಿದ್ದಾರೆ. ಒಂದು ಮತ್ತು ಎರಡು ಪೂರ್ತಿ ಹೋಗುತ್ತವೆ. ಮೂರನೇದು ಯೋನಿಯ ಬಾಗಿಲಲ್ಲೇ ನಿಲ್ಲುತ್ತೆ. ಆರು ವಾರ ಆಯ್ತು. ದಿನಾ ಅರ್ಧ ಗಂಟೆ ಪ್ರಯತ್ನಪಟ್ಟು ಅತ್ತು ಏಳುತ್ತಾರಂತೆ. ಏನು ಬದಲಾಯಿಸಲಿ?

ಗಟ್ಟಿಮಾತು
ಕೀಗಲ್ ಮಾಡಿಸಿ ಸರ್. ಪೆಲ್ವಿಕ್ ಸ್ನಾಯು ಬಲಹೀನ ಇದ್ದರೆ ಹೀಗೆಲ್ಲ ಆಗುತ್ತೆ. ಬೆಳಿಗ್ಗೆ ಐವತ್ತು, ಸಂಜೆ ಐವತ್ತು.

ಪೆಲ್ವಿಕ್_ಮೈಸೂರು
ದಯವಿಟ್ಟು ಬೇಡ. ಕೀಗಲ್ ಅಂದರೆ ಮೂತ್ರ ತಡೆಹಿಡಿದ ಹಾಗೆ ಸ್ನಾಯುವನ್ನು ಬಿಗಿಹಿಡಿಯೋದು. ಇವರಿಗೆ ಬಿಗಿಹಿಡಿಯೋದು ಈಗಲೇ ಚೆನ್ನಾಗಿ ಬರುತ್ತೆ, ಸಡಿಲ ಬಿಡೋದು ಬರಲ್ಲ. ಮುಷ್ಟಿ ಬಿಚ್ಚಲಾರದವರಿಗೆ ಮುಷ್ಟಿ ಹಿಡಿಯುವ ವ್ಯಾಯಾಮ ಹೇಳಿಕೊಟ್ಟ ಹಾಗಾಗುತ್ತೆ.

ಮೊಣಕಾಲು_ಫಿಸಿಯೋ, ಎರಡು ಪ್ರಶ್ನೆ. ಸೆಟ್ಟಿನ ಅಳತೆ ಎಷ್ಟೆಷ್ಟು? ಮೂರನೇದನ್ನು ಇಡುವಾಗ ಉಸಿರು ಏನು ಮಾಡ್ತಾರೆ?

ಗಟ್ಟಿಮಾತು
ಕೀಗಲ್‌ನಲ್ಲಿ ಬಿಡೋದೂ ಇರುತ್ತಲ್ಲ? ಐದು ಸೆಕೆಂಡ್ ಹಿಡಿ, ಐದು ಸೆಕೆಂಡ್ ಬಿಡು.

ಪೆಲ್ವಿಕ್_ಮೈಸೂರು
ಅಷ್ಟು ಮಾತ್ರ ನಿಜ. ಹಿಡಿದಿದ್ದೇನೆ ಅನ್ನೋದೇ ಗೊತ್ತಾಗದವರಿಗೆ, ಆ ವ್ಯತ್ಯಾಸ ತಿಳಿಯಲಿ ಅಂತ ಒಂದು ಸಲ ಹಗುರವಾಗಿ ಹಿಡಿಸಿ ಬಿಡಿಸ್ತೀವಿ. ಮೂರೋ ನಾಲ್ಕೋ ಸಲ, ಸಾಕು. ಐವತ್ತಲ್ಲ.

ಮೊಣಕಾಲು_ಫಿಸಿಯೋ
ಸ್ಕೇಲ್ ಇಟ್ಟು ನೋಡಿದೆವು. ಅಗಲವಾದ ಕಡೆ ವ್ಯಾಸ 1.2, 1.6, 2.2, 2.7, 3.2 ಸೆಂ.ಮೀ. ಉಸಿರು ಹಿಡಿದುಕೊಳ್ಳುತ್ತಾರೆ, ಹಲ್ಲೂ ಕಚ್ಚಿಕೊಳ್ಳುತ್ತಾರೆ. ನಾನು ಕೇಳಿದ ಮೇಲೇ ಅವರಿಗೂ ಗೊತ್ತಾಗಿದ್ದು.

ಪೆಲ್ವಿಕ್_ಮೈಸೂರು
ಹಾಗಾದರೆ ಅರ್ಧ ಉತ್ತರ ಅಲ್ಲೇ ಇದೆ.

ಮೊದಲು ಅಳತೆ. 1.6ರಿಂದ 2.2 ಅಂದರೆ ಬರೀ ಆರು ಮಿಲಿಮೀಟರ್ ಅನ್ನಿಸುತ್ತೆ. ಆದರೆ ಸ್ನಾಯು ಹಿಗ್ಗಬೇಕಾದ್ದು ಸುತ್ತಳತೆಯಲ್ಲಿ. ಎರಡನೇದರ ಸುತ್ತಳತೆ ಸುಮಾರು 5 ಸೆಂ.ಮೀ., ಮೂರನೇದು ಸುಮಾರು 6.9. ಒಂದೇ ಮೆಟ್ಟಿಲಲ್ಲಿ ಹತ್ತಿರ ಹತ್ತಿರ ಎರಡು ಸೆಂಟಿಮೀಟರ್. ಅವರ ಸೆಟ್ಟಿನಲ್ಲಿ ಅತಿ ಎತ್ತರದ ಮೆಟ್ಟಿಲು ಇದೇ. ಬಿಡಿಯಾಗಿ 1.9ರ ಆಸುಪಾಸಿನದು ಸಿಕ್ಕರೆ ತರಿಸಿ. ಬೇರೆ ಬೇರೆ ಕಂಪನಿಯ ಅಳತೆ ಬೇರೆ ಇರುತ್ತೆ, ಹಾಗಾಗಿ ಡಬ್ಬದ ಮೇಲಿನ ನಂಬರ್ ನೋಡಬೇಡಿ, ಮಿಲಿಮೀಟರ್ ನೋಡಿ.

ಎರಡನೇದು ಸಮಯ. ಅರ್ಧ ಗಂಟೆ ಬಹಳವಾಯ್ತು. ಹತ್ತರಿಂದ ಹದಿನೈದು ನಿಮಿಷ, ವಾರಕ್ಕೆ ನಾಲ್ಕೈದು ದಿನ. ನೋವಿಗೆ ಸೊನ್ನೆಯಿಂದ ಹತ್ತರ ಅಳತೆ ಇಟ್ಟುಕೊಂಡರೆ, ಮೂರು ದಾಟಿದ ತಕ್ಷಣ ಅಲ್ಲೇ ನಿಲ್ಲಿಸಬೇಕು. ಹೊರಗೆ ತೆಗೆಯೋದಲ್ಲ, ಇದ್ದಲ್ಲೇ ಬಿಟ್ಟು ಉಸಿರಾಡೋದು. ಒಂದೆರಡು ನಿಮಿಷದಲ್ಲಿ ಇಳಿದರೆ ಮುಂದೆ, ಇಳಿಯದಿದ್ದರೆ ಹಿಂದಿನ ಸೈಜು. ಅತ್ತು ಮುಗಿಸಿದ ದಿನ ದೇಹ ಕಲಿಯೋ ಪಾಠ ಒಂದೇ, "ಇದು ಅಪಾಯ" ಅಂತ. ಆರು ವಾರ ಅದನ್ನೇ ಕಲಿಸಿದ್ದೀರಿ.

ಇನ್ನು ಕ್ರಮ. ಅಂಗಾತ ಮಲಗಿ, ಮಂಡಿ ಮಡಚಿ, ಎರಡೂ ತೊಡೆಯ ಹೊರಗಡೆಗೆ ದಿಂಬು ಕೊಡಿ, ಕಾಲಿನ ಭಾರ ದಿಂಬಿನ ಮೇಲೆ ಬೀಳಲಿ. ಕಾಲನ್ನು ತಾವೇ ಎತ್ತಿಹಿಡಿದರೆ ಒಳತೊಡೆ ಬಿಗಿಯುತ್ತೆ, ಅದರ ಜೊತೆ ಕೆಳಗಿನದೂ ಬಿಗಿಯುತ್ತೆ. ಮೊದಲ ಐದು ನಿಮಿಷ ಎರಡನೇದನ್ನೇ ಒಳಗಿಟ್ಟು ಸುಮ್ಮನೆ ಇರಲಿ. ಅದನ್ನು ತೆಗೆದ ಮೂವತ್ತು ಸೆಕೆಂಡಿನೊಳಗೆ ಮುಂದಿನದರ ತುದಿ ಮಾತ್ರ ಬಾಗಿಲಿಗೆ ತಾಗಿಸಿ. ಉಸಿರು ಒಳಗೆ ಎಳೆದುಕೊಳ್ಳುವಾಗ ಹೊಟ್ಟೆ ಉಬ್ಬಲಿ, ಬಿಡುವಾಗ ಗಾಳಿ ಹೊರಗೆ ಹೋಗುತ್ತಿದ್ದ ಹಾಗೇ, ಹೂಸು ಬಿಡುವಾಗ ಮಾಡುವ ಹಾಗೆ ಕೆಳಗೆ ಬಹಳ ಮೆಲ್ಲಗೆ ತಳ್ಳಲಿ. ನಗಬೇಡಿ, ಇದಕ್ಕಿಂತ ಚೆನ್ನಾಗಿ ಅರ್ಥವಾಗೋ ಹೋಲಿಕೆ ನನಗೆ ಸಿಕ್ಕಿಲ್ಲ. ಆ ಕ್ಷಣ ಬಾಗಿಲು ತೆರೆಯುತ್ತೆ, ಆಗ ಅರ್ಧ ಸೆಂಟಿಮೀಟರ್ ಒಳಗೆ. ಮುಂದಿನ ಉಸಿರಿಗೆ ಇನ್ನರ್ಧ. ಒಂದು ವಾರ ಬರೀ ತುದಿ ಹೋದರೂ ಅದು ಪ್ರಗತಿಯೇ.

ಔಷಧದಂಗಡಿ
ದಿಕ್ಕು ಹೇಳೋದು ಮರೆತಿರಿ ಮೇಡಂ.

ಪೆಲ್ವಿಕ್_ಮೈಸೂರು
ಹೌದು, ಥ್ಯಾಂಕ್ಸ್. ಬಹಳ ಜನ ನೇರವಾಗಿ ಮೇಲಕ್ಕೆ, ಹೊಕ್ಕುಳಿನ ಕಡೆಗೆ ತಳ್ಳುತ್ತಾರೆ. ಯೋನಿ ಇರೋದು ಹಾಗಲ್ಲ, ಮಲಗಿದಾಗ ಅದು ಹಿಂದಕ್ಕೆ, ಬಾಲದ ಮೂಳೆಯ ಕಡೆಗೆ ಇಳಿಜಾರಾಗಿ ಹೋಗುತ್ತೆ. ತುದಿಯನ್ನು ಹಾಸಿಗೆಯ ಕಡೆಗೆ ಬಾಗಿಸಬೇಕು. ಮೇಲಕ್ಕೆ ತಳ್ಳಿದರೆ ಮುಂದಿನ ಮೂಳೆಗೂ ಮೂತ್ರನಾಳಕ್ಕೂ ಒತ್ತಿ "ಗೋಡೆ" ಅನ್ನಿಸುತ್ತೆ. ಮೂತ್ರ ಬರುವ ಹಾಗೆ ಆಗುತ್ತೆ ಅಂದರೆ ದಿಕ್ಕು ತಪ್ಪಿದೆ ಅಂತ ತಿಳಿಯಿರಿ.

ಸಂಜೆಮಲ್ಲಿಗೆ
ನನಗೆ 56. ಮುಟ್ಟು ನಿಂತು ಐದು ವರ್ಷ. ಮೊದಲು ಏನೂ ತೊಂದರೆ ಇರಲಿಲ್ಲ, ಈಗ ಸೇರುವಾಗ ಕೆರೆದ ಹಾಗೆ ಉರಿ. ನಾನೂ ಈ ಡೈಲೇಟರ್ ತರಿಸಬಹುದಾ?

ಹೆರಿಗೆಕೋಣೆ
ಅಕ್ಕಾರ, ನಿಮ್ದು ಬ್ಯಾರೆ ಕಥಿ ಇರಬಹುದ್ರಿ. ಮುಟ್ಟು ನಿಂತ ಮ್ಯಾಲೆ ಈಸ್ಟ್ರೋಜನ್ ಕಡಿಮಿ ಆಗಿ ಒಳಗಿನ ಪದರ ತೆಳ್ಳಗ, ಒಣಾ ಆಗ್ತದ. ಅದಕ್ಕ ಒಳಗ ಹಚ್ಚೋ ಈಸ್ಟ್ರೋಜನ್ ಕ್ರೀಮ್ ಅದ. ಡಾಕ್ಟರ್ ಕಡೆ ತೋರಿಸಿ, ಅವರು ಬರದ ಕೊಟ್ಟರ ಶುರು ಮಾಡ್ರಿ. ಸ್ತನದ ಕ್ಯಾನ್ಸರ್ ಆಗಿದ್ರ ಮದ್ಲ ಅದನ್ನ ಹೇಳ್ರಿ. ಮುಟ್ಟು ನಿಂತ ಮ್ಯಾಲೆ ಒಂದು ಹನಿ ರಕ್ತ ಕಂಡ್ರೂ ತಡಾ ಮಾಡಬ್ಯಾಡ್ರಿ. ಡೈಲೇಟರ್ ಆಮ್ಯಾಲೆ ನೋಡೋಣ.

ಈಗ ಮೂಲ ಪ್ರಶ್ನೆಗೆ ಬರ್ತೀನಿ. ಎಲ್ಲಾರೂ ಸ್ನಾಯು ಸ್ನಾಯು ಅನ್ಲಿಕ್ಹತ್ತೀರಿ. ಆ ಹುಡುಗಿಗೆ ಬಾಗಲದಾಗ ಆಗೋದು ಬಿಗಿನೋ, ಉರಿನೋ? ಯಾರರೆ ಕೇಳೀರೇನು?

ಮೊಣಕಾಲು_ಫಿಸಿಯೋ
"ನೋವು" ಅಂತ ಮಾತ್ರ ಅಂದಿದ್ದಾರೆ. ನಾನು ಬಿಡಿಸಿ ಕೇಳಿಲ್ಲ.

ಹೆರಿಗೆಕೋಣೆ
ಕೇಳಬೇಕ್ರಿ. ಬಿಗಿ ಅಂದ್ರ ಒತ್ತಡ, ಹಿಗ್ಗಿದಂಗ, ಮುಂದ ಹೋಗಂಗಿಲ್ಲ ಅನ್ನೋದು. ಉರಿ ಅಂದ್ರ ಮೆಣಸಿನಕಾಯಿ ಹಚ್ಚಿದಂಗ, ಗಾಯದ ಮ್ಯಾಲೆ ಉಪ್ಪು ಹಾಕಿದಂಗ. ಉರಿ ಇದ್ರ ಹತ್ತಿಕಡ್ಡಿ ಪರೀಕ್ಷೆ ಮಾಡಬೇಕು. ಕಿವಿಗೆ ಹಾಕೋ ಇಯರ್‌ಬಡ್ ಒದ್ದಿ ಮಾಡಿ, ಯೋನಿ ಬಾಗಲದ ಸುತ್ತ ಗಡಿಯಾರದ ಅಂಕಿ ಇದ್ದಂಗ ಒಂದೊಂದೇ ಕಡೆ ಹಗೂರಕ ಮುಟ್ಟೋದು. ಹನ್ನೆರಡು ಅಂದ್ರ ಮ್ಯಾಲೆ, ಆರು ಅಂದ್ರ ಗುದದ ಕಡೆ. ಇಷ್ಟು ಹಗೂರ ಮುಟ್ಟಿದ್ರೂ ಕೆಳಗಿನ ಅರ್ಧದಾಗ ಚುರ್ ಅಂದ್ರ, ಅದು ಬರೀ ವಜೈನಿಸ್ಮಸ್ ಅಲ್ಲ. ಬಾಗಲದ ಚರ್ಮದ ನರಗಳ ತೊಂದ್ರಿ, ವೆಸ್ಟಿಬ್ಯುಲೋಡಿನಿಯಾ ಅಂತೀವಿ. ಅಂಥಲ್ಲಿ ದಪ್ಪ ಡೈಲೇಟರ್ ತಿಕ್ಕಿದಷ್ಟೂ ಉರಿ ಹೆಚ್ಚಾಗ್ತದ, ಉರಿಗೆ ಹೆದರಿ ಸ್ನಾಯು ಬಿಗೀತದ. ನೀವು ಬಿಗಿ ನೋಡಿ ಬಿಗಿಗೆ ಮದ್ದು ಮಾಡ್ತೀರಿ.

ಗಟ್ಟಿಮಾತು
ಅಥವಾ ಕನ್ಯಾಪೊರೆ ದಪ್ಪ ಇರಬಹುದು. ಸಣ್ಣ ಆಪರೇಷನ್, ಒಂದೇ ದಿನದಲ್ಲಿ ಮನೆಗೆ.

ಹೆರಿಗೆಕೋಣೆ
ತಮ್ಮಾ, 1862ರ ಆಸುಪಾಸಿನ್ಯಾಗ ಮ್ಯಾರಿಯನ್ ಸಿಮ್ಸ್ ಅನ್ನೋ ಅಮೆರಿಕನ್ ಡಾಕ್ಟರ್ ಇದಕ್ಕ ವಜೈನಿಸ್ಮಸ್ ಅಂತ ಹೆಸರಿಟ್ಟ. ಅಂವನೂ ಹಿಂಗ ಅಂದಿದ್ದ. ಪೊರಿ ಕತ್ತರಿಸೋದು, ಬಾಗಲಾ ಕೊಯ್ಯೋದು, ಆಮ್ಯಾಲೆ ಗಾಜಿನ ಕೊಳವಿ ಇಡೋದು. ನೂರಾ ಅರವತ್ತು ವರ್ಷ ಆತು, ನಮ್ಮಲ್ಲಿ ಇನ್ನೂ ಅದೇ ಮಾತು ನಡದದ. 1.6ರ ಡೈಲೇಟರ್ ಪೂರ್ತಿ ಒಳಗ ಹೊಕ್ಕೈತಿ ಅಂದ್ರ ದಾರಿ ಮುಚ್ಚಿಲ್ಲ ಅಂತಾತು. ಪೊರಿ ನಡುವ ಲಂಬಕ ಒಂದು ಪಟ್ಟಿ ಇರೋರು ಅದಾರ, ಅಪರೂಪ. ಅಂಥವರಿಗೆ ಸಣ್ಣದು ಪಟ್ಟಿ ಬದಿಗೆ ಜಾರಿ ಹೋಗ್ತದ, ದಪ್ಪದು ತಡೀತದ. ಕನ್ನಡಿ ಇಟ್ಟು, ಬೆಳಕಿನ್ಯಾಗ ನೋಡಿದ್ರ ಕಾಣ್ತದ. ಪಟ್ಟಿ ಇದ್ರ ಆಪರೇಷನ್. ಇಲ್ಲಾಂದ್ರ ಕತ್ರಿ ಮುಟ್ಟಬ್ಯಾಡ್ರಿ, ಗಾಯದ ಕಲಿ ಇನ್ನೊಂದು ನೋವಾಗ್ತದ.

ಗಟ್ಟಿಮಾತು
ಸರಿ ಡಾಕ್ಟ್ರೇ, ಪಟ್ಟಿ ಇರಬಹುದು ಅಂತ ನೀವೇ ಒಪ್ಪಿದ್ರಲ್ಲ. ಅಷ್ಟೇ ನಾನು ಹೇಳಿದ್ದು 😄

ಔಷಧದಂಗಡಿ
ಜೆಲ್ ಬಗ್ಗೆ ಒಂದು ಮಾತು, ದಿನಾ ಕೌಂಟರಿನಲ್ಲಿ ಕಾಣೋ ತಪ್ಪು. ಸಿಲಿಕೋನ್ ಡೈಲೇಟರಿಗೆ ಸಿಲಿಕೋನ್ ಜೆಲ್ ಹಚ್ಚಬಾರದು, ಮೇಲ್ಮೈ ಅಂಟಂಟಾಗಿ ಹಾಳಾಗುತ್ತೆ. ನೀರಿನ ಜೆಲ್ ತಗೊಳ್ಳಿ. ಅದು ಐದು ನಿಮಿಷಕ್ಕೆ ಒಣಗುತ್ತೆ, ಮತ್ತೆ ಹಚ್ಚಬೇಕು. ಒಣಗಿದ್ದು ಗೊತ್ತಾಗದೆ "ಮತ್ತೆ ಬಿಗಿಯಾಯ್ತು" ಅಂತ ಹೆದರುವವರಿದ್ದಾರೆ. "ಬಿಸಿ ಅನುಭವ" ಕೊಡುವ, ಸ್ಟ್ರಾಬೆರಿ ವಾಸನೆಯ ಜೆಲ್ ಬೇಡವೇ ಬೇಡ, ಉರಿಸುತ್ತೆ. ಕೊಬ್ಬರಿ ಎಣ್ಣೆ ಡೈಲೇಟರಿಗೆ ನಡೆಯುತ್ತೆ, ಆದರೆ ಮುಂದೆ ಕಾಂಡೋಮ್ ಬಳಸುವಾಗ ಎಣ್ಣೆ ಹಚ್ಚಿದರೆ ರಬ್ಬರ್ ಹರಿಯುತ್ತೆ. ತೊಳೆಯೋಕೆ ಮೃದು ಸೋಪು, ನೀರು ಸಾಕು. ಡೆಟ್ಟಾಲ್ ಬೇಡ.

ನಿಧಾನವಾಗಿ_ಮಾತಾಡೋಣ
ನಾನು ಆಪ್ತಸಮಾಲೋಚನೆ ಮಾಡುವವಳು. ಇಲ್ಲಿ ಯಾರೂ ಭಯದ ಬಗ್ಗೆ ಮಾತಾಡಿಲ್ಲ.

ಬಹಳ ಕಾಲ ಪಠ್ಯದಲ್ಲಿ ವಜೈನಿಸ್ಮಸ್ ಅಂದರೆ "ಸ್ನಾಯುವಿನ ಸೆಳೆತ" ಅಂತಲೇ ಇತ್ತು. 2004ರಲ್ಲಿ ಕೆನಡಾದಲ್ಲಿ ಪರೀಕ್ಷೆ ಮಾಡಿ ನೋಡಿದಾಗ ಆ ಸೆಳೆತ ಎಲ್ಲರಲ್ಲೂ ಕಾಣಿಸಲಿಲ್ಲ. ಉರಿಯ ತೊಂದರೆ ಇರುವವರಿಂದ ಇವರನ್ನು ಬೇರೆ ಮಾಡಿದ್ದು ಭಯ, ಪರೀಕ್ಷೆಯಿಂದಲೇ ತಪ್ಪಿಸಿಕೊಳ್ಳುವ ರೀತಿ. ಅದಕ್ಕೇ 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ, ಡಿಎಸ್‌ಎಂ-5, ವಜೈನಿಸ್ಮಸ್ಸನ್ನೂ ಸಂಭೋಗದ ನೋವನ್ನೂ ಸೇರಿಸಿ ಒಂದೇ ಹೆಸರಿನಡಿ ಇಟ್ಟಿತು. ಆರು ತಿಂಗಳಾದರೂ ಇರಬೇಕು ಅನ್ನೋದೂ ಅದರಲ್ಲಿದೆ.

ಅದೇ ವರ್ಷ ನೆದರ್ಲೆಂಡ್ಸಿನಿಂದ ಬಂದ ಒಂದು ಅಧ್ಯಯನ ಈ ಪ್ರಶ್ನೆಗೆ ಹತ್ತಿರದ್ದು. 70 ಹೆಂಗಸರು. ಅರ್ಧ ಜನಕ್ಕೆ ಒಂದೇ ವಾರದಲ್ಲಿ ಹೆಚ್ಚೆಂದರೆ ಮೂರು ಸಲ, ಸಲಕ್ಕೆ ಎರಡು ಗಂಟೆ, ಆಸ್ಪತ್ರೆಯಲ್ಲೇ ಅಭ್ಯಾಸ. ಚಿಕಿತ್ಸಕಿ ಪಕ್ಕದಲ್ಲಿ ಕೂತು ಹೇಳುತ್ತಾರೆ, ಬೆರಳನ್ನೋ ಡೈಲೇಟರನ್ನೋ ಇಡೋದು ಆ ಹೆಂಗಸೇ. ಮನೆಯಲ್ಲಿ ಮುಂದುವರಿಸಿದ ಮೇಲೆ 35ರಲ್ಲಿ 31 ಮಂದಿಗೆ ಸಂಭೋಗ ಸಾಧ್ಯವಾಯಿತು. ಸುಮ್ಮನೆ ಕಾಯುತ್ತಿದ್ದ 35ರಲ್ಲಿ ನಾಲ್ವರಿಗೆ. ಅಲ್ಲಿ ಸ್ನಾಯು ಹಿಗ್ಗಿಸೋದಕ್ಕಿಂತ, "ಒಳಗೆ ಹೋದರೆ ಹರಿಯುತ್ತೆ, ರಕ್ತ ಸುರಿಯುತ್ತೆ" ಅನ್ನೋ ಎಣಿಕೆ ಸುಳ್ಳಾಗೋದು ಮುಖ್ಯ. ಮೊಣಕಾಲು_ಫಿಸಿಯೋ, ನಿಮ್ಮವರನ್ನು ಕೇಳಿ: ಮೂರನೇದು ಒಳಗೆ ಹೋಗಿಬಿಟ್ಟರೆ ಏನಾಗುತ್ತೆ ಅಂತ ಅವರ ಮನಸ್ಸಿನಲ್ಲಿದೆ?

ಪೆಲ್ವಿಕ್_ಮೈಸೂರು
ಒಪ್ಪುತ್ತೇನೆ, ಆದರೆ ಎರಡು ಗಂಟೆಯ ಸೆಷನ್ ಇಲ್ಲಿ ಯಾರಿಗೆ ಸಾಧ್ಯ? ಅದೂ ಆ ಅಧ್ಯಯನಕ್ಕೆ ಬಂದವರು ಹುಟ್ಟಿನಿಂದ ಒಮ್ಮೆಯೂ ಸಾಧ್ಯವಾಗದವರು, ಉರಿಯವರಲ್ಲ.

ನಿಧಾನವಾಗಿ_ಮಾತಾಡೋಣ
ಎರಡು ಗಂಟೆ ಆಗದಿದ್ದರೆ ಬೇಡ. ಪಕ್ಕದಲ್ಲಿ ಒಬ್ಬರು ಇರೋದು, ನಡುವೆ ಬಿಟ್ಟು ಓಡದೆ ಇರೋದು, ಅಷ್ಟನ್ನಾದರೂ ಎತ್ತಿಕೊಳ್ಳಬಹುದಲ್ಲ. ಒಬ್ಬರೇ ಬಾಗಿಲು ಹಾಕಿಕೊಂಡು, ಅತ್ತೆಗೆ ಕೇಳಿಸೀತು ಅಂತ ಹೆದರುತ್ತಾ ಮಾಡಿದರೆ ಯಾವ ಸ್ನಾಯು ಸಡಿಲವಾದೀತು?

ಮೊಣಕಾಲು_ಫಿಸಿಯೋ
ನಾಲ್ಕು ದಿನದ ನಂತರ ಬರೀತಿದ್ದೇನೆ. ಕೇಳಿದೆ. "ಹರಿದು ಹೊಲಿಗೆ ಹಾಕಬೇಕಾಗುತ್ತೆ" ಅನ್ನೋದು ಅವರ ಹೆದರಿಕೆ. ಮದುವೆಗೆ ಮುಂಚೆ ಯಾರೋ ಹೇಳಿದ ಕಥೆಯಂತೆ. ಕನ್ನಡಿ ಇಟ್ಟು ಮಹಿಳಾ ಡಾಕ್ಟರ್ ತೋರಿಸಿದ್ದಾರೆ, ಪಟ್ಟಿ ಗಿಟ್ಟಿ ಏನೂ ಇಲ್ಲ. ಆದರೆ ಹತ್ತಿಕಡ್ಡಿಗೆ ಐದು ಮತ್ತು ಏಳು ಗಂಟೆಯ ಜಾಗದಲ್ಲಿ ಉರಿ, ಹತ್ತಕ್ಕೆ ಆರು. ಬೇರೆ ಕಡೆ ಸೊನ್ನೆ, ಒಂದು. ಬಿಳಿಸೆರಗಿನ ಪರೀಕ್ಷೆಯೂ ಆಯ್ತು, ಫಂಗಸ್ ಇಲ್ಲ. ಹೆರಿಗೆಕೋಣೆ ಸರಿ ಅಂತಾಯ್ತು?

ಹೆರಿಗೆಕೋಣೆ
ಅರ್ಧ ಸರಿ. ಎರಡೂ ಕೂಡೇ ಇರ್ತಾವ್ರಿ. ಸೋಪು, ಇಂಟಿಮೇಟ್ ವಾಶ್ ಎಲ್ಲಾ ಬಂದ್, ಬರೀ ನೀರು. ಲಿಗ್ನೋಕೇನ್ 5% ಮುಲಾಮು, ಕಡಲಿ ಕಾಳಿನಷ್ಟು, ಆ ಎರಡು ಜಾಗಕ್ಕ. ಹದಿನೈದು ನಿಮಿಷ ಬಿಟ್ಟು ಒರಿಸಿ, ಆಮ್ಯಾಲೆ ಡೈಲೇಟರ್. ಹಚ್ಚಿದ ಕೂಡ್ಲೆ ಒಂದೆರಡು ನಿಮಿಷ ಉರೀತದ, ಅದು ಮುಲಾಮಿನ ಸ್ವಭಾವ, ಮದ್ಲ ಹೇಳಿಡ್ರಿ.

ಪೆಲ್ವಿಕ್_ಮೈಸೂರು
ಮರಗಟ್ಟಿಸಿ ಅಭ್ಯಾಸ ಮಾಡಿಸೋದಕ್ಕೆ ನನ್ನ ತಕರಾರಿದೆ. ಮೂರು ದಾಟಿದರೆ ನಿಲ್ಲಿಸಿ ಅಂತ ಹೇಳಿ, ಆ ಅಳತೆಗೋಲನ್ನೇ ಮುಚ್ಚಿದ ಹಾಗಾಯ್ತು. ನೋವು ತಿಳಿಯದೆ ತಳ್ಳಿ ಮರುದಿನ ಊತ ತಂದುಕೊಂಡವರನ್ನು ನೋಡಿದ್ದೇನೆ.

ಹೆರಿಗೆಕೋಣೆ
ಉರಿ ಆರು ಇಟ್ಕೊಂಡು ನಿಮ್ಮ ಡೈಲೇಟರ್ ನಡೀತದೇನು? ನೀವೇ ಹೇಳ್ರಿ.

ಪೆಲ್ವಿಕ್_ಮೈಸೂರು
ನಡೆಯಲ್ಲ. ಮುಲಾಮು ಇರಲಿ, ಆದರೆ ಆ ದಿನಗಳಲ್ಲಿ ಹಳೇ ಸೈಜು ಮಾತ್ರ. ಹೊಸ ಸೈಜಿಗೆ ಹೋಗುವ ದಿನ ಮುಲಾಮು ಇಲ್ಲದೆ. ಇದು ನನ್ನ ಪದ್ಧತಿ, ಎಲ್ಲರೂ ಹೀಗೇ ಮಾಡ್ತಾರೆ ಅಂತಲ್ಲ.

ಡಬ್ಲಿನ್_ಕನ್ನಡತಿ
ಬೊಟಾಕ್ಸ್ ಬಗ್ಗೆ ಯಾರೂ ಹೇಳ್ಲಿಲ್ಲ? ಇಲ್ಲಿ ಎಲ್ಲರೂ ಅದನ್ನೇ ಕೇಳಿಕೊಂಡು ಬರ್ತಾರೆ.

ಹೆರಿಗೆಕೋಣೆ
ಎಲ್ಲಾ ಮಾಡಿ ಸೋತ ಮ್ಯಾಲಿನ ಮಾತು ಅದು. ಅರಿವಳಿಕೆ ಕೊಟ್ಟು ಬಾಗಲದ ಸ್ನಾಯುವಿಗೆ ಚುಚ್ಚತಾರ, ಮೂರು-ನಾಲ್ಕು ತಿಂಗಳು ಸಡಿಲ ಇರ್ತದ. ಆ ಹೊತ್ತಿನ್ಯಾಗ ಡೈಲೇಟರ್ ಅಭ್ಯಾಸ ಮಾಡ್ಲೇಬೇಕು. ಚುಚ್ಚಿಸ್ಕೊಂಡು ಸುಮ್ನ ಕುಂತ್ರ ಔಷಧ ಇಳಿದ ಮ್ಯಾಲೆ ಮತ್ತ ಹಳೇ ಪಾಡು. ರೊಕ್ಕಾನೂ ಭಾಳ.

ಸಂಜೆಮಲ್ಲಿಗೆ
ಒಂದು ಮಗು ಆದರೆ ಎಲ್ಲ ಸರಿಹೋಗುತ್ತೆ ಅಂತಾರಲ್ಲ ಹಿರಿಯರು?

ಪೆಲ್ವಿಕ್_ಮೈಸೂರು
ಆಗಲ್ಲ ಅಕ್ಕ. ವೀರ್ಯ ಹೊರಬಾಗಿಲಲ್ಲಿ ಬಿದ್ದು ಗರ್ಭಿಣಿಯಾದವರಿದ್ದಾರೆ, ಸಹಜ ಹೆರಿಗೆಯಾದವರಿದ್ದಾರೆ, ಆಮೇಲೂ ವಜೈನಿಸ್ಮಸ್ ಹಾಗೇ ಇದೆ. ಮಗು ಹೊರಗೆ ಬರೋದು ಬೇರೆ, ಒಳಗೆ ಬರುವುದಕ್ಕೆ ಹೆದರೋದು ಬೇರೆ. ಹೆರಿಗೆ ಹತ್ತಿರ ಬಂದಾಗ ಡಾಕ್ಟರಿಗೂ ನರ್ಸಿಗೂ ಮೊದಲೇ ಹೇಳಿಟ್ಟರೆ ಒಳಪರೀಕ್ಷೆ ಕಡಿಮೆ ಮಾಡಬಹುದು.

ಗಟ್ಟಿಮಾತು
ಗಂಡನ ಕಥೆ ಯಾರೂ ಕೇಳ್ತಿಲ್ಲ. ಐದನೇ ಡೈಲೇಟರ್ ಹೋಯ್ತು ಅಂದ್ಕೊಳ್ಳಿ, ಅಲ್ಲಿಗೆ ಮುಗೀತಾ?

ಪೆಲ್ವಿಕ್_ಮೈಸೂರು
ಇದು ಒಳ್ಳೇ ಪ್ರಶ್ನೆ. ಮುಗಿಯಲ್ಲ. ಅವರ ಐದನೇದು 3.2. ಗಂಡಸರ ಸರಾಸರಿ ಸುತ್ತಳತೆ ನಿಮಿರಿದಾಗ ಸುಮಾರು 11.6 ಸೆಂ.ಮೀ., ಅಂದರೆ ವ್ಯಾಸ 3.7. ಮತ್ತೆ ಐದು ಮಿಲಿಮೀಟರಿನ ದೊಡ್ಡ ಮೆಟ್ಟಿಲು. ಸೆಟ್ ಮುಗಿಯಿತು ಅಂತ ಆ ರಾತ್ರಿಯೇ ಪ್ರಯತ್ನಿಸಿ ಮತ್ತೆ ಒಂದನೇ ನಂಬರಿಗೆ ಬೀಳುವವರು ಅದಕ್ಕೇ. ನಡುವೆ ಡೈಲೇಟರ್ ಗಂಡನ ಕೈಗೆ ಬರಬೇಕು, ಅವಳ ಕೈ ಅವನ ಕೈಮೇಲೆ. ಆಮೇಲೆ ಅವಳು ಮೇಲೆ, ತುದಿ ಮಾತ್ರ, ಅಲುಗಾಡದೆ. ಎಷ್ಟು ಒಳಗೆ ಅಂತ ತೀರ್ಮಾನಿಸೋದು ಅವಳು. ಅವಳು "ನಿಲ್ಲು" ಅಂದರೆ ನಿಂತೇಬಿಡಬೇಕು, "ಇನ್ನೊಂಚೂರು" ಅನ್ನೋ ಮಾತು ಒಂದು ತಿಂಗಳ ಕೆಲಸ ಹಾಳು ಮಾಡುತ್ತೆ.

ನಿಧಾನವಾಗಿ_ಮಾತಾಡೋಣ
ಆ ಹಂತದಲ್ಲಿ ಗಂಡನಿಗೇ ನಿಮಿರುವಿಕೆ ತಪ್ಪುವುದುಂಟು. ಎರಡು ವರ್ಷ "ನೋಯಿಸ್ತೀನಿ" ಅಂತ ಹೆದರಿದವನು ಒಮ್ಮೆಲೇ ಹೇಗೆ ಸಲೀಸಾದಾನು? ಅದನ್ನೂ ಮೊದಲೇ ಇಬ್ಬರಿಗೂ ಹೇಳಿಡಿ.

ಮೊಣಕಾಲು_ಫಿಸಿಯೋ
ಮೂರು ವಾರದ ಲೆಕ್ಕ. 1.9ರದ್ದು ಬಿಡಿಯಾಗಿ ಸಿಕ್ಕಿತು. ಹದಿನೈದು ನಿಮಿಷ, ವಾರಕ್ಕೆ ನಾಲ್ಕು ದಿನ, ಅದರಲ್ಲಿ ಒಂದು ದಿನ ನನ್ನ ಕ್ಲಿನಿಕ್ಕಿನಲ್ಲಿ ಪರದೆಯಾಚೆ ನಮ್ಮ ಸಿಸ್ಟರ್ ಜೊತೆ. ಮೊದಲ ವಾರ ತುದಿ ಮಾತ್ರ. ಎರಡನೇ ವಾರ ಅರ್ಧ. ನಿನ್ನೆ ಪೂರ್ತಿ ಹೋಯ್ತು, ನೋವು ಎರಡು. ದಿಕ್ಕು ಬದಲಿಸಿದ್ದೇ ದೊಡ್ಡ ವ್ಯತ್ಯಾಸ ಅಂತಾರೆ. ಬಿಗಿ ಕಡಿಮೆಯಾಗಿದೆ, ಆದರೆ ಮುಲಾಮು ಹಚ್ಚದ ದಿನ ಐದು-ಏಳರ ಉರಿ ನಾಲ್ಕಕ್ಕಿಂತ ಇಳಿಯುತ್ತಿಲ್ಲ. ಮಾತಿಗೆ ಮಾತು ಬಂದು ಇನ್ನೊಂದು ಗೊತ್ತಾಯ್ತು: ಪಿಸಿಓಡಿಗೆ ಅಂತ ಮೂರು ವರ್ಷದಿಂದ ಹಾರ್ಮೋನ್ ಗುಳಿಗೆ ತಗೊಳ್ತಿದ್ದಾರೆ. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ?

ಹೆರಿಗೆಕೋಣೆ
ಇರಬಹುದ್ರಿ! ಕೆಲವರಿಗೆ ಈ ಗುಳಿಗಿಯಿಂದ ಬಾಗಲದ ಚರ್ಮ ತೆಳ್ಳಗಾಗಿ ಉರಿ ಬರ್ತದ. ಎಲ್ಲಾರಿಗೂ ಅಲ್ಲ.

ಪೆಲ್ವಿಕ್_ಮೈಸೂರು
ಆ ಸಂಬಂಧ ಎಷ್ಟು ಗಟ್ಟಿ ಅನ್ನೋದರಲ್ಲಿ ಇನ್ನೂ ವಾದವಿದೆ. ಅವರ ಡಾಕ್ಟರನ್ನು ಕೇಳದೆ ಗುಳಿಗೆ ನಿಲ್ಲಿಸಬೇಡಿ, ಮುಟ್ಟು ಏರುಪೇರಾಗುತ್ತೆ.

ಹೆರಿಗೆಕೋಣೆ
ನಿಲ್ಲಿಸ್ರಿ ಅಂತ ನಾ ಎಲ್ಲಿ ಅಂದೆ? ಹೆಸರು ಹೇಳ್ರಿ ಮದ್ಲ. ಗುಳಿಗಿ ಪಟ್ಟಿ ಹಿಂದ ಬರದಿರ್ತದ, ಎರಡನೇ ಹಾರ್ಮೋನ್ ಯಾವುದು ಅಂತ ನೋಡಬೇಕು.

ಮೊಣಕಾಲು_ಫಿಸಿಯೋ
ಗುರುವಾರ ಬರ್ತಾರೆ, ಪಟ್ಟಿ ತರೋಕೆ ಹೇಳಿದ್ದೇನೆ. 2.2 ಅಲ್ಲೀವರೆಗೂ ಮುಟ್ಟಲ್ಲ.